ಹಳೇ ಸಿಲಿಕೋನ್ ಮೇಲೆ ಹೊಸ ಸಿಲಿಕೋನ್ ಬೇಡ

ನಮ್ಮ ಹಾಸ್ಟೆಲ್‌ನ ವಾಶ್‌ಬೇಸಿನ್‌ಗಳು ಟೈಲ್ಸ್ ಗೋಡೆಗೆ ತಾಗುವ ಕಡೆ ಒಂದು ಕಪ್ಪು ಗೆರೆ ಇದೆಯಲ್ಲ, ಅದು ಮೂಲತಃ ಬಿಳಿ ಸಿಲಿಕೋನ್. ಪ್ರತಿ ವರ್ಷ ರಜೆಯಲ್ಲಿ ಪ್ಲಂಬರ್ ಬಂದು ಆ ಕಪ್ಪು ಗೆರೆ ಮೇಲೆ ಇನ್ನೊಂದು ಬಿಳಿ ಗೆರೆ ಎಳೆದು ಹೋಗ್ತಾರೆ. ಸೆಮಿಸ್ಟರ್ ಮುಗಿಯೋದ್ರೊಳಗೆ ಅಂಚು ಏಳುತ್ತೆ, ಮತ್ತೆ ಕಪ್ಪು. ಈ ಸಲ ದುರಸ್ತಿ ಪಟ್ಟಿ ಮಾಡುವಾಗ ನಮ್ಮ ಸಿವಿಲ್ ಗೆಳೆಯರೇ ಕೆಲವರು "ಸಿಲಿಕೋನ್ ಬಿಡಿ, ಪಿಯು ಹಾಕಿಸಿ, ಅದು ಗಟ್ಟಿ" ಅಂತ ಬರೆಸಬೇಕು ಅಂದರು. ನನ್ನ ಅಭಿಪ್ರಾಯ ಬೇರೆ. ಸಿಲಿಕೋನೇ ಇರಲಿ, ಆದರೆ ಅದನ್ನ ಹಾಕೋ ಮೊದಲು ಮಾಡಬೇಕಾದ ಅರ್ಧ ದಿನದ ಕೆಲಸಕ್ಕೆ ಕೂಲಿ ಕೊಡಿ, ಬಾತ್‌ರೂಮನ್ನ ಎರಡು ದಿನ ಬೀಗ ಹಾಕಿಡಿ.

ಮೊದಲು ಪಿಯು, ಅಂದ್ರೆ ಪಾಲಿಯುರೆಥೇನ್ ವಿಷಯ. ಗಟ್ಟಿ ಅನ್ನೋದು ಸುಳ್ಳಲ್ಲ. ಕಾಂಕ್ರೀಟಿಗೆ ಚೆನ್ನಾಗಿ ಹಿಡಿಯುತ್ತೆ, ಕಾಲು ತುಳಿತಕ್ಕೆ ಸವೆಯಲ್ಲ, ಮೇಲೆ ಪೇಂಟ್ ಹೊಡೀಬಹುದು. ಪಾರ್ಕಿಂಗ್ ನೆಲದ ಎಕ್ಸ್‌ಪಾನ್ಶನ್ ಜಾಯಿಂಟಿಗೆ ನನ್ನ ಓಟೂ ಅದಕ್ಕೇ. ಆದರೆ ಅದು ಗಟ್ಟಿಯಾಗೋದು ಐಸೋಸಯನೇಟ್ ಗುಂಪುಗಳು ತೇವದ ಜೊತೆ ಸೇರಿ, ಮತ್ತು ಆ ಕ್ರಿಯೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತೆ. ಗಾಳಿಯ ತೇವ ನಿಧಾನವಾಗಿ ಒಳಗೆ ಹೋದರೆ ತೊಂದರೆಯಿಲ್ಲ. ಒದ್ದೆ ಗ್ರೌಟ್ ಮೇಲೆ ಹಾಕಿದರೆ ಮಾತ್ರ ಅನಿಲ ಒಮ್ಮೆಗೇ ಹುಟ್ಟಿ ಒಳಗೆಲ್ಲ ಗುಳ್ಳೆ ಬೀಳುತ್ತೆ. ನಮ್ಮ ಬಾತ್‌ರೂಮ್ ಒದ್ದೆ ಇಲ್ಲದ ದಿನ ಯಾವುದು ಹೇಳಿ? ಅದೂ ಅಲ್ಲದೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವ ಜಾಗ ಇದು. ಕ್ಲೋರಿನ್ ಏಟು ಪಿಯುಗೆ ಆಗಿಬರಲ್ಲ. ಬಿಸಿಲಿಗೆ ಹಳದಿಯಾಗುತ್ತೆ, ಬೇಗ ಕೊಳೆ ಹಿಡಿಯುತ್ತೆ. ಸಾಮಾನ್ಯ ನಿರ್ಮಾಣ ಕೆಲಸದ ಪಿಯುನಲ್ಲಿ ಬೂಷ್ಟು ತಡೆಯೋ ಔಷಧಿಯನ್ನೂ ಬಹುಮಟ್ಟಿಗೆ ಹಾಕಿರಲ್ಲ.

ಸಿಲಿಕೋನಿನ ಬೆನ್ನೆಲುಬು ಸಿಲಿಕಾನ್-ಆಕ್ಸಿಜನ್ ಸರಪಳಿ. ನೀರು, ಬಿಸಿಲು, ಸೋಪು ಯಾವುದಕ್ಕೂ ಅದು ಸುಲಭವಾಗಿ ಜಗ್ಗಲ್ಲ. ಗಾಜು, ಗ್ಲೇಜ್ಡ್ ಟೈಲ್ಸ್, ಸೆರಾಮಿಕ್ ಬೇಸಿನ್‌ಗೆ ಪ್ರೈಮರ್ ಇಲ್ಲದೆಯೇ ಹಿಡಿಯುತ್ತೆ. ಆದರೆ ಅಂಗಡಿಯಲ್ಲಿ "ಸಿಲಿಕೋನ್ ಕೊಡಿ" ಅಂದ್ರೆ ಸಾಮಾನ್ಯವಾಗಿ ಕೈಗೆ ಬರೋದು ಅಗ್ಗದ ಅಸಿಟಾಕ್ಸಿ ಬಗೆ, ಹಾಕುವಾಗ ವಿನೆಗರ್ ವಾಸನೆ ಬರುತ್ತಲ್ಲ, ಅದೇ. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತೆ. ಟೈಲ್ಸ್ ಮತ್ತು ಬೇಸಿನ್ ಮಧ್ಯೆ ಇದೇ ಸಾಕು. ಆದರೆ ಪಕ್ಕದಲ್ಲಿ ಸಿಮೆಂಟ್ ಗ್ರೌಟ್ ಅಥವಾ ಮಾರ್ಬಲ್ ಇದ್ದರೆ ಆಮ್ಲ ಅದರ ಸುಣ್ಣದಂಶವನ್ನ ತಿಂದು ಅಂಟಿನ ಕೆಳಗೇ ಪುಡಿ ಪದರ ಮಾಡುತ್ತೆ, ಕನ್ನಡಿಯ ಹಿಂದಿನ ಬೆಳ್ಳಿ ಲೇಪವನ್ನೂ ಕೆಡಿಸುತ್ತೆ. ಅಲ್ಲಿ ನ್ಯೂಟ್ರಲ್ ಕ್ಯೂರ್ ಬೇಕು. ನಮ್ಮಲ್ಲಿ ಬೇಸಿನ್ ಹಿಂದೆ ಗ್ರೌಟ್ ಗೆರೆಗಳು ಹಾದುಹೋಗಿರೋದರಿಂದ, ನ್ಯೂಟ್ರಲ್ ಕ್ಯೂರ್ ಇರುವ ಸ್ಯಾನಿಟರಿ ಸಿಲಿಕೋನ್ ಅಂತಲೇ ಬರೆಸಬೇಕು.

ಈ "ಸ್ಯಾನಿಟರಿ" ಅನ್ನೋ ಪದದ ಮೇಲೆ ಜಾಸ್ತಿ ನಂಬಿಕೆ ಇಡೋದೂ ತಪ್ಪು. ಅದರರ್ಥ ಒಳಗೆ ಶಿಲೀಂಧ್ರನಾಶಕ ಬೆರೆಸಿದ್ದಾರೆ ಅಂತ. ಅದು ಮೇಲ್ಮೈಗೆ ನಿಧಾನವಾಗಿ ಬಂದು ಕೆಲಸ ಮಾಡುತ್ತೆ, ನೀರಿನ ಜೊತೆ ತೊಳೆದೂ ಹೋಗುತ್ತೆ. ಒಂದು ದಿನ ಖಾಲಿಯಾಗುವ ಸ್ಟಾಕ್ ಅದು. ಬೂಷ್ಟು ತಿನ್ನೋದು ಮುಖ್ಯವಾಗಿ ಸಿಲಿಕೋನನ್ನಲ್ಲ, ಅದರ ಮೇಲೆ ಕೂತ ಸೋಪಿನ ಜಿಡ್ಡು, ಚರ್ಮದ ಎಣ್ಣೆ, ಧೂಳನ್ನ. ಜಿಡ್ಡಿನ ಪದರ ದಪ್ಪವಾದರೆ ಕೆಳಗಿರೋ ಔಷಧಿ ಅದಕ್ಕೆ ಮುಟ್ಟೋದೇ ಇಲ್ಲ. ಎಕ್ಸಾಸ್ಟ್ ಫ್ಯಾನ್ ಕೆಟ್ಟು ಗೋಡೆ ಇಡೀ ದಿನ ತೇವವಾಗಿದ್ದರೆ ಎಂಥ ಟ್ಯೂಬ್ ತಂದರೂ ಅಷ್ಟೇ.

ಈಗ ಆ ಅರ್ಧ ದಿನದ ಕೆಲಸಕ್ಕೆ ಬರೋಣ. ಗಟ್ಟಿಯಾದ ಸಿಲಿಕೋನಿಗೆ ಬಹುತೇಕ ಏನೂ ಅಂಟಲ್ಲ, ಹೊಸ ಸಿಲಿಕೋನ್ ಕೂಡ ನೆಚ್ಚುವ ಹಾಗೆ ಅಂಟಲ್ಲ, ಕೊಳೆಯಾದ ಹಳೆಯದರ ಮೇಲಂತೂ ಇಲ್ಲವೇ ಇಲ್ಲ. ವರ್ಷವರ್ಷ ಎಳೆಯುವ ಗೆರೆ ಎದ್ದು ಬರೋದು ಇದಕ್ಕೇ. ಎದ್ದ ಅಂಚಿನ ಕೆಳಗೆ ನೀರು ನಿಂತು, ಒಳಗಿರೋ ಹಳೇ ಬೂಷ್ಟು ಮೇಲಕ್ಕೆ ಬರುತ್ತೆ. ಹಾಗಾಗಿ ಬ್ಲೇಡಿನಿಂದ ಎರಡೂ ಅಂಚು ಕೊಯ್ದು ಪಟ್ಟಿಯನ್ನ ಪೂರ್ತಿ ಎಳೆದು ತೆಗೀಬೇಕು, ಉಳಿದ ತೆಳು ಪೊರೆಯನ್ನ ಸ್ಕ್ರೇಪರ್‌ನಿಂದ ಕೆರೀಬೇಕು. ಪೊರೆ ಉಳಿದಿದೆಯೋ ಇಲ್ಲವೋ ಅಂತ ಕಣ್ಣಿಗೆ ಕಾಣಲ್ಲ. ಸ್ವಲ್ಪ ನೀರು ಸವರಿ ನೋಡಿ: ಸ್ವಚ್ಛ ಗ್ಲೇಜ್ ಮೇಲೆ ನೀರು ಹರಡಿ ಪದರವಾಗುತ್ತೆ, ಸಿಲಿಕೋನ್ ಉಳಿದ ಕಡೆ ಹನಿ ಹನಿಯಾಗಿ ದುಂಡಗೆ ನಿಲ್ಲುತ್ತೆ. ಕೆರೆದ ಮೇಲೆ ಬ್ಲೀಚ್‌ನಿಂದ ಬೂಷ್ಟು ಸಾಯಿಸಿ, ಬರೀ ನೀರಲ್ಲಿ ತೊಳೆದು, ಒಂದು ರಾತ್ರಿ ಒಣಗಲು ಬಿಡಬೇಕು. ಬೆಳಿಗ್ಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರೋ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೀಬೇಕು. ಒಂದೇ ಬಟ್ಟೆಯಾದರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂತ್ಕೊಳ್ಳುತ್ತೆ. ಸೀಮೆಎಣ್ಣೆಯಲ್ಲಿ ಒರೆಸೋರೂ ಇದ್ದಾರೆ. ಅದು ಜಿಡ್ಡು ತೆಗೆದು ಜಿಡ್ಡು ಬಿಟ್ಟು ಹೋದ ಹಾಗೆ.

ಇನ್ನೊಂದು ವಿಷಯ, ಇದು ನಮ್ಮಂಥ ಇಂಜಿನಿಯರಿಂಗ್‌ನವರು ಪ್ಲಂಬರ್‌ಗೆ ಬಿಡಬಾರದ್ದು: ಜಾಯಿಂಟಿನ ಅಗಲ. ಗೋಡೆಗೆ ಬೋಲ್ಟ್ ಮಾಡಿದ ಬೇಸಿನ್ ಮೇಲೆ ಯಾರೋ ಕೈಯೂರಿ ಒರಗಿದಾಗ ಹಿಂದಿನ ಅಂಚು 1 ಮಿ.ಮೀ. ಜರುಗಿತು ಅಂತ ಇಟ್ಕೊಳ್ಳಿ. ಸಂದು 2 ಮಿ.ಮೀ. ಇದ್ದರೆ ಅದು 50 ಶೇಕಡಾ ಎಳೆತ. ಸಂದು 6 ಮಿ.ಮೀ. ಇದ್ದರೆ ಸುಮಾರು 17. ಐಎಸ್‌ಒ 11600ರ 25ನೇ ವರ್ಗದ ಸೀಲಂಟ್ 25 ಶೇಕಡಾ ಚಲನೆಗೆ ತಡೆಯುತ್ತೆ. ಅಂದ್ರೆ ಅದೇ ಟ್ಯೂಬು, ಅದೇ ಬೇಸಿನ್, ಒಂದು ಕಡೆ ಹರಿಯುತ್ತೆ, ಇನ್ನೊಂದು ಕಡೆ ಹರಿಯಲ್ಲ. ಬೇಸಿನ್ ಬೋಲ್ಟ್ ಮೊದಲು ಬಿಗಿ ಮಾಡಿ, ಸಂದನ್ನ 6 ಮಿ.ಮೀ. ಇಟ್ಟು, ಹಿಂದೆ 8 ಮಿ.ಮೀ. ಫೋಮ್ ಬ್ಯಾಕರ್ ರಾಡ್ ಒತ್ತಿ, ಮುಂದೆ 6 ಮಿ.ಮೀ. ಆಳ ಬಿಡಿ. ರಾಡಿಗೆ ಸಿಲಿಕೋನ್ ಅಂಟಲ್ಲ, ಅದೇ ನಮಗೆ ಬೇಕಾದ್ದು. ಹಿಂಬದಿಗೂ ಅಂಟಿಕೊಂಡರೆ ರಬ್ಬರ್ ಎಳೆಯಲು ಜಾಗವಿಲ್ಲದೆ ಹರಿಯುತ್ತೆ.

ಖರ್ಚಿನ ಲೆಕ್ಕವೂ ಹೆದರೋ ಹಾಗಿಲ್ಲ. 6×6 ಮಿ.ಮೀ. ಜಾಯಿಂಟಿಗೆ ಮೀಟರಿಗೆ 36 ಮಿ.ಲೀ. ಸಾಲಾಗಿ ಎಂಟು ಬೇಸಿನ್, ಒಂದೊಂದು 55 ಸೆಂ.ಮೀ. ಅಂದ್ರೆ 4.4 ಮೀಟರ್, ಸುಮಾರು 160 ಮಿ.ಲೀ. ವ್ಯರ್ಥವಾಗೋದು ಸೇರಿಸಿದರೂ 280 ಮಿ.ಲೀ. ಒಂದೇ ಟ್ಯೂಬು ಸಾಕು. ದುಬಾರಿ ಟ್ಯೂಬೇ ತಂದರೂ ಬಿಲ್‌ನಲ್ಲಿ ದೊಡ್ಡ ಸಾಲು ಅದಲ್ಲ, ಕೂಲಿ.

ವಾರ್ಡನ್ ಸರ್ ಒಪ್ಪದೇ ಇರಬಹುದಾದ್ದು ಬೀಗ ಹಾಕೋದಕ್ಕೆ. ಮೇಲ್ಪೊರೆ ಹದಿನೈದಿಪ್ಪತ್ತು ನಿಮಿಷದಲ್ಲಿ ಕಟ್ಟುತ್ತೆ, ಆಗಲೇ "ಒಣಗಿತು" ಅಂತ ನಲ್ಲಿ ತಿರುಗಿಸ್ತಾರೆ. ಒಳಗೆ ಅದು ದಿನಕ್ಕೆ ಎರಡು ಮೂರು ಮಿ.ಮೀ. ಲೆಕ್ಕದಲ್ಲಷ್ಟೇ ಗಟ್ಟಿಯಾಗುತ್ತೆ, ಯಾಕಂದ್ರೆ ತೇವ ಹೋಗೋದು ಮುಂಭಾಗದಿಂದ ಮಾತ್ರ. ಆರು ಮಿ.ಮೀ.ಗೆ ಎರಡು ಮೂರು ದಿನ. ನೀರು ತಗುಲಿಸಲು ಕಡಿಮೆ ಅಂದ್ರೂ ಒಂದು ದಿನ, ಬೇಸಿನ್ ಮೇಲೆ ಒರಗಲು ಎರಡು ದಿನವಾದರೂ ಬೇಕು. ಅದಕ್ಕೇ ಸಾಲು ಪೂರ್ತಿ ಒಮ್ಮೆಗೆ ಮುಚ್ಚದೆ, ಒಂದೊಂದು ಮಹಡಿಯ ಕೆಲಸ ಒಂದೊಂದು ವಾರಾಂತ್ಯಕ್ಕೆ ಇಡಿ ಅಂತ ನನ್ನ ಸಲಹೆ. ವಾರ ಕಳೆದ ಮೇಲೆ ಒಂದು ಮೂಲೆಯಲ್ಲಿ ಎರಡು ಇಂಚು ಕೊಯ್ದು ತುದಿ ಹಿಡಿದು ಎಳೆದು ನೋಡಿ. ರಬ್ಬರೇ ತುಂಡಾಗಿ ಟೈಲ್ಸ್ ಮೇಲೆ ಸಿಲಿಕೋನ್ ಉಳಿದರೆ ಬಿಲ್ ಪಾಸ್ ಮಾಡಿ. ಟೇಪಿನ ಹಾಗೆ ಸಲೀಸಾಗಿ ಕಿತ್ತು ಬಂದರೆ ಒರೆಸಿಲ್ಲ ಅಂತಲೇ, ಅವರನ್ನ ಮತ್ತೆ ಕರೆಸಿ.