ಹರಿಯದೆ ಬಿಚ್ಚಿದ ಹೊಲಿಗೆ

ದ್ರುಪದನ ಆಸ್ಥಾನಕ್ಕೆ ದ್ರೋಣನು ಹೋದ ಪ್ರಸಂಗವನ್ನು ಓದುವಾಗಲೆಲ್ಲ, ಆ ದಿನ ಆ ಸಭೆಯಲ್ಲಿ ಇಬ್ಬರಲ್ಲಿ ಒಬ್ಬನಾದರೂ ದನಿಯನ್ನು ತಗ್ಗಿಸಿ ಮಾತನಾಡಿದ್ದರೆ ಮುಂದೆ ಎಷ್ಟು ನೆತ್ತರು ಉಳಿಯುತ್ತಿತ್ತೆಂಬ ಕೊರಗು ನನ್ನನ್ನು ಬಿಟ್ಟದ್ದಿಲ್ಲ. ಬಾಲ್ಯದಲ್ಲಿ ಭರದ್ವಾಜಾಶ್ರಮದಲ್ಲಿ ಒಟ್ಟಿಗೆ ಆಡಿ ಬೆಳೆದವರು ಅವರು. ತನಗೆ ರಾಜ್ಯ ಬಂದಾಗ ಅದು ನಿನ್ನದೂ ಆದೀತೆಂದು ದ್ರುಪದನು ಆಡಿದ್ದ ಮಾತನ್ನು ದ್ರೋಣನು ಬಡತನದ ದೀರ್ಘ ವರ್ಷಗಳಲ್ಲೆಲ್ಲ, ಹಾಲಿಗಾಗಿ ಹಂಬಲಿಸುತ್ತಿದ್ದ ಮಗನು ಹಿಟ್ಟು ಕಲಸಿದ ನೀರನ್ನೇ ಹಾಲೆಂದು ಕುಡಿದು ಕುಣಿದ ದಿನದವರೆಗೂ, ಎದೆಯಲ್ಲಿ ಕಾಪಾಡಿಕೊಂಡು ಬಂದಿದ್ದನು. ದ್ರುಪದನಲ್ಲಿಯೋ ಆ ಸ್ನೇಹವು ಎಂದೋ ಆರಿಹೋಗಿದ್ದಿತು. ಸರಿಸಮಾನರಲ್ಲದವರಿಗೆ ಸ್ನೇಹವೆಲ್ಲಿಯದೆಂದು ತುಂಬಿದ ಸಭೆಯಲ್ಲಿ ಅವನು ಹಳಿದದ್ದು, ದ್ರೋಣನು ಅರ್ಜುನನಿಂದ ಅವನನ್ನು ಕಟ್ಟಿ ತರಿಸಿ ಅರ್ಧರಾಜ್ಯವನ್ನು ಕಿತ್ತುಕೊಂಡದ್ದು, ದ್ರುಪದನು ದ್ರೋಣವಧೆಗೆಂದೇ ಯಜ್ಞಮಾಡಿ ಮಗನನ್ನು ಪಡೆದದ್ದು, ಆ ಮಗನು ಕುರುಕ್ಷೇತ್ರದಲ್ಲಿ ಶಸ್ತ್ರವನ್ನು ಕೆಳಗಿಟ್ಟು ಕುಳಿತ ವೃದ್ಧನ ತಲೆಯನ್ನು ಕಡಿದದ್ದು, ಅಶ್ವತ್ಥಾಮನು ಇರುಳಿನಲ್ಲಿ ಆ ಮಗನನ್ನು ಕೊಂದದ್ದು, ಇವೆಲ್ಲವೂ ಒಂದೇ ಸರಪಣಿಯ ಕೊಂಡಿಗಳು. ಆ ಸ್ನೇಹವು ಮುಗಿದದ್ದು ಅನರ್ಥವಲ್ಲ. ಅದನ್ನು ಸಭೆಯಲ್ಲಿ ಮುಗಿಸಿದ್ದು ಅನರ್ಥ.

ಕ್ರಿ. ಪೂ. 44ರಲ್ಲಿ ರೋಮಿನ ಸಿಸೆರೊ ಸ್ನೇಹವನ್ನು ಕುರಿತು ಬರೆದ ಚಿಕ್ಕ ಗ್ರಂಥದಲ್ಲಿ, ಹಿಂದಿನವನಾದ ಕೇಟೋ ಹೇಳುತ್ತಿದ್ದನೆಂದು ಒಂದು ವಿವೇಕವನ್ನು ಎತ್ತಿಕೊಳ್ಳುತ್ತಾನೆ: ಬೇಡವಾದ ಸ್ನೇಹವನ್ನು ಬಟ್ಟೆ ಹರಿದಂತೆ ಹರಿಯಬಾರದು, ಹೊಲಿಗೆ ಬಿಚ್ಚಿದಂತೆ ಬಿಚ್ಚಬೇಕು ಎಂಬುದು ಅದರ ತಾತ್ಪರ್ಯ. ಸಹಿಸಲಾಗದ ಅನ್ಯಾಯವೊಂದು ಭುಗಿಲೆದ್ದಾಗ ಮಾತ್ರ ಈ ನಿಯಮಕ್ಕೆ ವಿನಾಯಿತಿ. ನನಗೆ ಈ ಮಾತು ಬಹಳ ಕಾಲದಿಂದ ಹಿಡಿಸಿದೆ. ಆದರೆ ಒಬ್ಬನೇ ಎಳೆಯುತ್ತಿರುವ ಸ್ನೇಹದ ವಿಷಯದಲ್ಲಿ ಇದು ಅರ್ಧದಷ್ಟನ್ನು ಮಾತ್ರ ಹೇಳುತ್ತದೆ. ಸಿಸೆರೊ ಯೋಚಿಸುತ್ತಿದ್ದದ್ದು ಮಿತ್ರನಲ್ಲಿ ದುರ್ಗುಣ ಕಂಡಾಗ, ಸ್ವಭಾವ ಮಾರ್ಪಟ್ಟಾಗ, ರಾಜಕೀಯದಲ್ಲಿ ಪಕ್ಷಭೇದ ಹುಟ್ಟಿದಾಗ ಏನು ಮಾಡಬೇಕೆಂಬುದನ್ನು. ಏಕಪಕ್ಷದ ಸ್ನೇಹದಲ್ಲಿ ಬೆರಳಿಟ್ಟು ತೋರಿಸಬಹುದಾದ ಅಪರಾಧವೇ ಇರುವುದಿಲ್ಲ. ಬಿಚ್ಚುವ ಬಗೆಗಿಂತ ಮೊದಲು, ಬಿಚ್ಚುವ ಹೊತ್ತು ಬಂದಿದೆಯೇ ಎಂಬುದನ್ನು ತಿಳಿಯುವುದೇ ಅಲ್ಲಿ ಕಷ್ಟ.

ನನ್ನದೇ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಮೈಸೂರಿನ ವಿದ್ಯಾರ್ಥಿನಿಲಯವೊಂದರಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಕಳೆದ ಸಹಪಾಠಿಯೊಬ್ಬನು ಬೆಂಗಳೂರಿನಲ್ಲಿ ಉದ್ಯೋಗಕ್ಕೆ ಸೇರಿದನು. ನಾನು ಮೈಸೂರಿನಲ್ಲಿಯೇ ಉಳಿದೆನು. ಕೋಣೆಯಲ್ಲಿದ್ದಾಗ ನಮ್ಮ ಸ್ನೇಹವನ್ನು ಕಾಪಾಡುವ ಶ್ರಮವನ್ನು ಆ ಕೋಣೆಯೇ ಮಾಡುತ್ತಿತ್ತು. ಊರುಗಳು ಬೇರೆಯಾದ ಮೇಲೆ ಆ ಶ್ರಮವನ್ನು ಯಾರಾದರೂ ಹೊರಬೇಕಾಯಿತು, ನಾನು ಸಂತೋಷದಿಂದಲೇ ಹೊತ್ತೆನು. ಕಾಗದ ಬರೆಯುವವನು ನಾನು, ಬೆಂಗಳೂರಿಗೆ ಹೋದಾಗ ಹುಡುಕಿಕೊಂಡು ಹೋಗುವವನು ನಾನು, ದಸರೆಗೆ ಅವನ ಸಂಸಾರವನ್ನೆಲ್ಲ ಹತ್ತು ದಿನ ಮನೆಯಲ್ಲಿ ಇಳಿಸಿಕೊಳ್ಳುವವನೂ ನಾನು. ಹೀಗೆ ಹನ್ನೊಂದು ವರ್ಷ ಕಳೆಯಿತು. ಅವನು ಕೆಟ್ಟವನೆಂದು ನಾನು ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಯಾವ ಶ್ರಮವೂ ತನ್ನ ಪಾಲಿಗೆ ಉಳಿಯದಂತೆ ಅವನನ್ನು ರೂಢಿಸಿದವನು ನಾನೇ ಎಂಬುದನ್ನೂ ಮರೆಮಾಚಲಾರೆ.

ಒಂದು ವರ್ಷ ನನ್ನ ತಾಯಿಯ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಆಕೆ ತಿಂಗಳುಗಟ್ಟಲೆ ಮಂಕಾಗಿ ಮಲಗಿದ್ದಳು. ಅದನ್ನು ನಾನು ವಿವರವಾಗಿಯೇ ಬರೆದಿದ್ದೆನು. ಬಂದ ಉತ್ತರದಲ್ಲಿ, ಅವನ ತಂಗಿಯ ಮಗನಿಗೆ ಮೈಸೂರಿನ ಕಾಲೇಜೊಂದರಲ್ಲಿ ಪ್ರವೇಶ ದೊರಕಿಸಿಕೊಡಲಾದೀತೇ ಎಂಬ ಪ್ರಶ್ನೆಯಿತ್ತು; ತಾಯಿಯ ಮಾತಿರಲಿಲ್ಲ. ಆ ರಾತ್ರಿ ಪೆಟ್ಟಿಗೆಯಿಂದ ಅವನ ಹಳೆಯ ಕಾಗದಗಳನ್ನು ತೆಗೆದು ಓದಿದೆನು. ಮೂರು ವರ್ಷದಲ್ಲಿ ಹದಿನಾಲ್ಕು ಕಾಗದಗಳು; ಹನ್ನೆರಡರಲ್ಲಿ ಒಂದೊಂದು ಕೆಲಸ. ಪ್ರಶ್ನಾರ್ಥಕ ಚಿಹ್ನೆಗಳು ಬೇಕಾದಷ್ಟಿದ್ದವು, ಆದರೆ ಒಂದಾದರೂ ನನ್ನ ಮನೆಯ ಕಡೆಗೆ ತಿರುಗಿರಲಿಲ್ಲ.

ಆದರೂ ಕಾಗದಗಳನ್ನು ಎಣಿಸಿ ಸ್ನೇಹವನ್ನು ತೀರ್ಮಾನಿಸುವವನು ತಪ್ಪುವುದೇ ಹೆಚ್ಚು. ಮಲೆನಾಡಿನಲ್ಲಿ ಮೇಷ್ಟ್ರಾಗಿರುವ ಇನ್ನೊಬ್ಬ ಮಿತ್ರನು ನನಗುಂಟು. ಅವನಾಗಿ ಕಾಗದ ಬರೆದದ್ದೇ ಇಲ್ಲ, ನನ್ನ ಕಾಗದಕ್ಕೆ ಉತ್ತರ ಬರಲು ಒಂದು ಮಳೆಗಾಲವೇ ಕಳೆಯುತ್ತದೆ. ಎಣಿಕೆಯ ದೃಷ್ಟಿಯಿಂದ ಇವನು ಬೆಂಗಳೂರಿನವನಿಗಿಂತ ಕಡೆ. ಆದರೆ ತಡವಾಗಿ ಬಂದ ಆ ಉತ್ತರದ ಮೊದಲ ಸಾಲೇ ಅಮ್ಮನ ಕಣ್ಣು ಈಗ ಹೇಗಿದೆ, ಓದಲು ಬರುತ್ತದೆಯೇ ಎಂಬುದಾಗಿರುತ್ತದೆ. ನನ್ನ ಮಗುವಿಗೆ ಜ್ವರ ವಿಷಮಿಸಿದಾಗ ತಂತಿ ತಲುಪಿದ ದಿನವೇ ರಾತ್ರಿಯ ಬಸ್ಸು ಹಿಡಿದು ಬಂದವನೂ ಇವನೇ. ಮೊದಲು ಮಾತೆತ್ತುವವರು ಯಾರೆಂಬುದು ಬಹುಮಟ್ಟಿಗೆ ಸ್ವಭಾವದ ವಿಷಯ; ಸಂಕೋಚದವರು, ಸೋಮಾರಿಗಳು, ಬರೆಯಲು ಬಾರದವರು ಎಲ್ಲರೂ ಅದರಲ್ಲಿ ಸೋಲುತ್ತಾರೆ. ನೋಡಬೇಕಾದದ್ದು, ನಾವು ಮಾತೆತ್ತಿದ ಮೇಲೆ ಆಚೆ ಏನಾಗುತ್ತದೆ ಎಂಬುದನ್ನು: ಹೇಳಿದ್ದು ಅಲ್ಲಿ ನಿಲ್ಲುತ್ತದೆಯೇ, ಮುಂದಿನ ಸಲ ಅದರ ನೆನಪು ಎದ್ದು ಬರುತ್ತದೆಯೇ, ಅವರ ಗಮನದಲ್ಲಿ ನಮ್ಮ ಬಾಳಿಗೆ ಒಂದು ಮಣೆಯಷ್ಟಾದರೂ ಜಾಗವಿದೆಯೇ? ಜಾಗವಿದ್ದರೆ ಎಷ್ಟು ಮೌನವನ್ನಾದರೂ ತಾಳಬಹುದು. ಇಲ್ಲದಿದ್ದರೆ, ಎಷ್ಟು ನಗುಮುಖದ ಭೇಟಿಗಳಾದರೂ ಆ ಕೊರತೆಯನ್ನು ತುಂಬವು.

ಇದು ಒಂದು ಕೆಟ್ಟ ವರ್ಷದ ಫಲವೋ, ನೆಲೆನಿಂತ ರೀತಿಯೋ ಎಂಬುದನ್ನೂ ಬೇರ್ಪಡಿಸಬೇಕಾಗುತ್ತದೆ. ಹಸುಗೂಸಿನ ಮನೆ, ಸಾಲ, ಹಾಸಿಗೆ ಹಿಡಿದ ತಂದೆ, ಹೊರಗೆ ಹೇಳಲಾಗದ ಮನೋವ್ಯಥೆ, ಇವು ಎಂತಹ ಉದಾರಿಯನ್ನೂ ತನ್ನೊಳಗೇ ಮುಳುಗಿಸಿಬಿಡುತ್ತವೆ; ಆಗ ಹಿಂದೆ ಸರಿಯುವುದು ಮುಳುಗುವವನಿಂದ ಹಗ್ಗವನ್ನು ಸೆಳೆದುಕೊಂಡಂತೆ. ನಾನು ಯುಗಾದಿಯಿಂದ ಯುಗಾದಿಗೆ ಒಂದು ವರ್ಷ ಕಾದೆನು. ಕಾಯುವುದಕ್ಕೆ ಮುನ್ನ ಒಂದು ಸಲ ಬಾಯಿಬಿಟ್ಟು ಕೇಳಿದೆನು. ಏಕೆಂದರೆ ಕೇಳದೆ ಮುನಿದುಕೊಂಡು ಕುಳಿತು, ಅವನಾಗಿ ತಿಳಿಯುತ್ತಾನೋ ನೋಡೋಣವೆಂದು ಮರೆಯಲ್ಲಿ ಪರೀಕ್ಷೆಯಿಡುವುದು, ಪರೀಕ್ಷೆಯಿದೆಯೆಂದೇ ಅರಿಯದವನನ್ನು ಅನುತ್ತೀರ್ಣನೆಂದು ಸಾರುವ ಅನ್ಯಾಯ. “ಕೆಲಸವಿಲ್ಲದಾಗಲೂ ಎರಡು ಸಾಲು ಬರೆಯಯ್ಯ, ಅಮ್ಮ ನಿನ್ನನ್ನು ಕೇಳುತ್ತಿರುತ್ತಾಳೆ,” ಎಂದಷ್ಟೇ ಬರೆದೆನು. ವಾರದೊಳಗೆ ನಾಲ್ಕು ಪುಟದ ಪ್ರೀತಿಯ ಕಾಗದ ಬಂದಿತು, ನನ್ನ ಕಣ್ಣು ತುಂಬಿದವು. ಮುಂದಿನ ಕಾಗದ ಮೂರು ತಿಂಗಳ ಮೇಲೆ ಬಂದಿತು; ಅದರಲ್ಲಿ ಒಂದು ಕೆಲಸವಿತ್ತು, ಅದರ ನಂತರದ್ದರಲ್ಲಿಯೂ ಇತ್ತು. ಕೈತಪ್ಪುವುದೆಂದು ತೋರಿದಾಗ ಉಕ್ಕುವ ಈ ಬಿಸಿಯನ್ನು ಅಪ್ರಾಮಾಣಿಕವೆಂದು ನಾನು ಹೇಳೆನು. ಆದರೆ ಅದು ನಿಂತೀತೇ ಎಂಬುದು ಒಂದು ಕಾಗದದಿಂದ ತಿಳಿಯುವುದಿಲ್ಲ, ಒಂದು ವರ್ಷದಿಂದ ತಿಳಿಯುತ್ತದೆ.

ಹಿಂದೆ ಸರಿಯುವುದೆಂದರೆ ಎಲ್ಲಿಗೆ ಸರಿಯುವುದು? ಹೆಚ್ಚಿನವರು ತಪ್ಪುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಬಹುಕಾಲ ಸಹಿಸಿದವನು, ಸಹನೆ ತೀರಿದ ದಿನ, ಒಮ್ಮೆಲೇ ಶೂನ್ಯಕ್ಕೆ ಇಳಿದುಬಿಡುತ್ತಾನೆ: ಉತ್ತರವಿಲ್ಲ, ಎದುರಿಗೆ ಸಿಕ್ಕರೆ ಮಾತಿಲ್ಲ. ಕೂಗಾಟವಿಲ್ಲದಿದ್ದರೂ ಅದು ದ್ರುಪದನ ಸಭೆಯೇ. ಮಾತಿನ ಬದಲು ಮೌನದಿಂದ ಹೊಡೆಯುವುದಷ್ಟೆ ಭೇದ. ಇನ್ನು ಕೆಲವರು ಹನ್ನೊಂದು ವರ್ಷದ ಉಪಕಾರಗಳ ಪಟ್ಟಿಯಿರುವ ಕಡೆಯ ಕಾಗದವೊಂದನ್ನು ಬರೆಯುತ್ತಾರೆ. ಅದು ದಾವೆಯ ಅರ್ಜಿ. ಅದಕ್ಕೆ ಬರುವುದು ಪ್ರತಿದಾವೆ. ನಾನು ಕೊಟ್ಟದ್ದೆಲ್ಲ ಆಗ ಪ್ರೀತಿಯಿಂದ ಕೊಟ್ಟದ್ದು, ಅದನ್ನು ಈಗ ಸಾಲವಾಗಿ ಮಾರ್ಪಡಿಸುವ ಹಕ್ಕು ನನಗೆಲ್ಲಿಂದ ಬರಬೇಕು? ಸರಿಯುವವನು ಶೂನ್ಯಕ್ಕೆ ಸರಿಯಬೇಕಾಗಿಲ್ಲ. ಎದುರಿನವನು ತಾನಾಗಿ ಯಾವ ಮಟ್ಟದಲ್ಲಿ ಆ ಸ್ನೇಹವನ್ನು ಇಟ್ಟಿರುವನೋ ಆ ಮಟ್ಟಕ್ಕೆ ತಾನೂ ಇಳಿದರೆ ಸಾಕು. ವರ್ಷಕ್ಕೆ ನಾಲ್ಕು ಕಾಗದದ ಸ್ನೇಹವು ಅವನದಾದರೆ, ನಾಲ್ಕು ಕಾಗದದ ಸ್ನೇಹವೂ ಒಂದು ಸ್ನೇಹವೇ. ಅದನ್ನು ನಲವತ್ತೆಂದು ನಾನು ಭ್ರಮಿಸಿಕೊಂಡಿದ್ದೆನು.

ಮಾಡಿದ ಕ್ರಮ ಇಷ್ಟು. ತಿಂಗಳ ಕಾಗದವು ಮೂರು ತಿಂಗಳಿಗೊಂದಾಯಿತು, ಆಮೇಲೆ ಹಬ್ಬಕ್ಕೊಂದಾಯಿತು. ಅವನು ಬರೆದದ್ದಕ್ಕೆ ಮಾತ್ರ ತಪ್ಪದೆ ಉತ್ತರಿಸಿದೆನು, ಉದ್ದವನ್ನು ಕಡಿಮೆಮಾಡಿದೆನು. ಅವನ ಕೆಲಸಗಳಲ್ಲಿ ಆಗುವಂಥದನ್ನು ಮಾಡಿದೆನು, ಉಳಿದದ್ದಕ್ಕೆ ಇದು ನನ್ನಿಂದ ಆಗದೆಂದು ಒಂದೇ ಸಾಲಿನಲ್ಲಿ ಬರೆದೆನು. ಸುಳ್ಳು ನೆಪಗಳನ್ನು ಹೂಡಲಿಲ್ಲ. ನೆಪಕ್ಕೆ ನೆಪ ಬೇಕಾಗುತ್ತದೆ, ಮೂರನೆಯದರ ಹೊತ್ತಿಗೆ ಅದು ಬಯಲಾಗಿ, ನಾವು ತಪ್ಪಿಸಬೇಕೆಂದಿದ್ದ ರಂಪವನ್ನೇ ತಂದೊಡ್ಡುತ್ತದೆ. ಎಲ್ಲಕ್ಕಿಂತ ಕಠಿನವಾದದ್ದು ದಸರೆ. ಶ್ರಾವಣದಲ್ಲಿಯೇ, ಅವನು ಬೇರೆ ಏರ್ಪಾಡು ಮಾಡಿಕೊಳ್ಳಲು ಕಾಲವಿರುವಂತೆ, “ಈ ಸಲ ಮನೆಯಲ್ಲಿ ಇಳಿಸಿಕೊಳ್ಳುವುದು ನಮ್ಮಿಂದಾಗದು ಕಣಯ್ಯ, ಬಂದಾಗ ಎಲ್ಲರೂ ಒಂದು ದಿನ ಊಟಕ್ಕೆ ಬನ್ನಿ,” ಎಂದು ಬರೆದೆನು. ಅವರು ಛತ್ರದಲ್ಲಿ ಇಳಿದು, ನವಮಿಯ ದಿನ ಊಟಕ್ಕೆ ಬಂದರು. ನನ್ನ ಹೆಂಡತಿಯನ್ನು ಅಕ್ಕನೆಂದು ಕರೆಯುವ ಅವನ ಹೆಂಡತಿಯ ಮುಖ ಸ್ವಲ್ಪ ಬಾಡಿತ್ತು. ಆಕೆಗೂ ಮಕ್ಕಳಿಗೂ ಇದರಲ್ಲಿ ಏನೂ ಪಾಲಿಲ್ಲ. ಆದಕಾರಣ ಆ ಹೆಂಗಸರ ನಡುವಣ ಸಂಬಂಧಕ್ಕೆ, ಅಂಚೆಯಲ್ಲಿ ಹೋಗುತ್ತಿದ್ದ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ, ನಾನು ಕೈಹಾಕಲಿಲ್ಲ. ನಮ್ಮಿಬ್ಬರನ್ನೂ ಬಲ್ಲ ಹಳೆಯ ಗೆಳೆಯರ ಬಳಿ ಈ ವಿಷಯವನ್ನು ಎತ್ತಲಿಲ್ಲ. ಅವನು ಕೋಣೆಯ ದಿನಗಳಲ್ಲಿ ಹೇಳಿಕೊಂಡಿದ್ದ ಗುಟ್ಟುಗಳು ಇಂದಿಗೂ ನನ್ನಲ್ಲಿಯೇ ಇವೆ.

ಈ ಮಾರ್ಗವು ಸಲ್ಲದ ಎಡೆಗಳೂ ಉಂಟು. ಕೊಟ್ಟ ಹಣ ಬರಬೇಕಾಗಿದ್ದರೆ ಅದನ್ನು ನೇರವಾಗಿ ಕೇಳಿ ಇತ್ಯರ್ಥಮಾಡಿಕೊಳ್ಳಬೇಕು. ಮಿತ್ರನು ಬದುಕಿನಲ್ಲಿ ಬೇಸತ್ತು ಸಾವಿನ ಮಾತನ್ನಾಡುತ್ತಿದ್ದರೆ, ಸ್ನೇಹದ ಲೆಕ್ಕವನ್ನೆಲ್ಲ ಬದಿಗಿಟ್ಟು ಅವನ ಬಳಿಗೆ ಓಡಬೇಕು. ಅವಮಾನಿಸುವವನಿಂದ, ಹೆದರಿಸುವವನಿಂದ ಮೆಲ್ಲಗೆ ಬಿಡಿಸಿಕೊಳ್ಳುವ ಸೌಜನ್ಯವು ಅನವಶ್ಯಕ; ಅಲ್ಲಿ ಸ್ಪಷ್ಟವಾದ ಮಾತೇ ಬೇಕು. ಎದುರಿನವನು ತಾನಾಗಿ ಏಕೆ ಹೀಗಾದೆಯೆಂದು ಕೇಳಿದರಂತೂ ಏನಿಲ್ಲವೆಂದು ಹೇಳುವುದು ದ್ರೋಹ. ನನ್ನ ಮಿತ್ರನು ಒಂದು ಸಲ ಕೇಳಿದನು. “ಹೊರುವುದೆಲ್ಲ ನನ್ನ ಪಾಲಿಗೇ ಬಂದಿತ್ತು, ದಣಿದೆ. ನಿನ್ನ ಮೇಲೆ ಕೋಪವಿಲ್ಲ,” ಎಂದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, ಬೇರೆ ಮಾತಿಗೆ ಹೊರಳಿದನು.

ನೋವಾಗಲಿಲ್ಲವೆಂದರೆ ಸುಳ್ಳಾದೀತು. ಸತ್ತವರಿಗೆ ಹತ್ತು ದಿನದ ಸೂತಕವುಂಟು, ಬಂದು ಕೂಡುವ ನೆಂಟರುಂಟು. ಸದ್ದಿಲ್ಲದೆ ಸವೆದ ಸ್ನೇಹಕ್ಕೆ ಅಳುವ ಅವಕಾಶವನ್ನು ನಮ್ಮ ಯಾವ ಸಂಪ್ರದಾಯವೂ ಕಲ್ಪಿಸಿಲ್ಲ. ಎರಡು ದಸರೆಗಳವರೆಗೆ ಮನೆ ಬರಿದೆನಿಸಿತು. ಮೂರನೆಯ ವರ್ಷ ಮಲೆನಾಡಿನ ಮೇಷ್ಟ್ರು ಸಂಸಾರಸಮೇತ ಬಂದಿಳಿದರು.

ಕಳೆದ ವೈಶಾಖದಲ್ಲಿ ಬೆಂಗಳೂರಿನಿಂದ ಮಗಳ ಮದುವೆಯ ಕರೆಯೋಲೆ ಬಂದಿತು. ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಅವನು ಬಾಗಿಲವರೆಗೆ ಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದನು, ಅಮ್ಮನ ವಿಷಯ ಕೇಳಿದನು. ಆಕೆ ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಹೇಳಿದೆನು. ಧಾರೆಯಾಯಿತು. ಊಟ ಮುಗಿಸಿ, ಹುಡುಗಿಯನ್ನು ಹರಸಿ, ಸಂಜೆಯ ರೈಲಿಗೆ ಮೈಸೂರಿಗೆ ಹಿಂದಿರುಗಿದೆವು.