ಖಾತೆ ಸರಿಯಿಲ್ಲ ಅಂತೀರಲ್ಲ, ಯಾವ ಖಾತೆ? – ವಿದ್ಯಾರ್ಥಿವೇತನದ ಅಧಿಕಾರಿಗಳಿಗೆ ಬಹಿರಂಗ ಪತ್ರ



ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ನಮ್ಮ ಹುಡುಗ ಹುಡುಗಿಯರ ಪರವಾಗಿ ಇದನ್ನು ಬರೆಯುತ್ತಿದ್ದೇನೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ನಿಮ್ಮ ದಾನವಲ್ಲ. ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಕೂತಿದ್ದ ಕಾಲದಲ್ಲಿ, 1944ರಲ್ಲಿ ಶುರುವಾದ ನಮ್ಮ ಪಾಲು ಅದು. ಆ ಪಾಲು ಯಾಕೆ ಬರಲಿಲ್ಲ ಎಂದು ಕೇಳಿದರೆ ನಿಮ್ಮ ಕಿಟಕಿಯಿಂದ ಬರುವ ಮಾತು ಒಂದೇ: “ಖಾತೆ ಸರಿ ಇಲ್ಲೆ, ಬ್ಯಾಂಕಿಗೆ ಹೋಯ್ಕ್.” ಬ್ಯಾಂಕಿನ ಕಿಟಕಿ ಹೇಳುತ್ತದೆ: “ಖಾತೆ ಸರಿ ಇತ್ತ್, ಆಫೀಸಿಗೆ ಹೋಯ್ಕ್.” ಈ ಎರಡು ಕಿಟಕಿಗಳ ನಡುವೆ ಓಡಾಡುವ ಬಸ್ ಚಾರ್ಜು ಯಾರು ಕೊಡ್ತಾರೆ ಸ್ವಾಮಿ?

ಇಬ್ಬರೂ ಹೇಳುವುದು ನಿಜವೇ ಇರಬಹುದು. ಮೋಸ ಇರುವುದು ಇಬ್ಬರೂ ಹೇಳದೆ ಬಿಡುವ ಮಾತಿನಲ್ಲಿ. ವಿದ್ಯಾರ್ಥಿವೇತನ ಪಾಸ್‌ಬುಕ್ಕಿನ ನಂಬರು ನೋಡಿ ಬರುವುದಿಲ್ಲ, ಆಧಾರ್ ನಂಬರಿನ ಬೆನ್ನು ಹತ್ತಿ ಬರುತ್ತದೆ. ಯಾವ ಆಧಾರಿಗೆ ಯಾವ ಬ್ಯಾಂಕು ಎಂಬ ಪಟ್ಟಿಯೊಂದು ಎನ್‌ಪಿಸಿಐ ಎಂಬ ಸಂಸ್ಥೆಯಲ್ಲಿದೆ. ಆ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಬ್ಯಾಂಕಿನ ಹೆಸರು ಇರುತ್ತದೆ. ಕೊನೆಗೆ ಯಾವ ಬ್ಯಾಂಕು ಹೆಸರು ಸೇರಿಸಿತೋ, ಹಣ ಅಲ್ಲಿಗೆ. ಇದಕ್ಕೆ ಸೀಡಿಂಗ್ ಅಂತಾರೆ. ಖಾತೆ ತೆರೆಯುವಾಗ ಆಧಾರಿನ ಜೆರಾಕ್ಸ್ ಕೊಡುವುದೇ ಬೇರೆ, ಸೀಡಿಂಗ್ ಆಗುವುದೇ ಬೇರೆ. ಬ್ಯಾಂಕಿನವರು “ಆಧಾರ್ ಲಿಂಕ್ ಆಯ್ತ್” ಅನ್ನುವಾಗ ಬಹಳ ಸಲ ಆ ಜೆರಾಕ್ಸಿನ ಮಾತನ್ನೇ ಆಡುತ್ತಿರುತ್ತಾರೆ.

ಬೈಂದೂರಿನಾಚೆಯ ಒಬ್ಬ ಹುಡುಗಿಯ ಕತೆ ಕೇಳಿ. ಅವ್ಳ ಅಮ್ಮ ಗೇರುಬೀಜದ ಕಾರ್ಖಾನೆಯ ಕೆಲಸದವಳು. ಹೈಸ್ಕೂಲಿನಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ಖಾತೆ ಮಾಡಿಸಿದರು. ಪಿಯುಸಿಯಲ್ಲಿದ್ದಾಗ ಯಾರೋ ಏಜೆಂಟರು ಬಂದು, ಹೆಬ್ಬೆಟ್ಟು ಒತ್ತಿಸಿಕೊಂಡು, ಇನ್ನೊಂದು ಬ್ಯಾಂಕಿನಲ್ಲಿ ಸೊನ್ನೆ ಬ್ಯಾಲೆನ್ಸಿನ ಖಾತೆ ತೆರೆದರು. ಸೀಡಿಂಗ್ ಅಲ್ಲಿಗೆ ಹಾರಿತು, ಅವಳಿಗೆ ಗೊತ್ತಾಗಲಿಲ್ಲ. ಡಿಗ್ರಿಯಲ್ಲಿ ಅರ್ಜಿಯ ಸ್ಥಿತಿ “ಹಣ ಪಾವತಿಯಾಗಿದೆ” ಅಂದಿತು. ಪಾಸ್‌ಬುಕ್ಕು ಖಾಲಿ. ಸುಮಾರು 70 ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರಕ್ಕೆ ಮೂರು ಸಲ ಹೋದಳು, ಅಮ್ಮನ ಮೂರು ದಿನದ ಕೂಲಿ ಹೋಯಿತು. ಕೊನೆಗೆ ಒಬ್ಬ ಮೇಷ್ಟ್ರು myaadhaar.uidai.gov.in ತೆರೆದು Bank Seeding Status ಒತ್ತಿದರು. ಮರೆತುಹೋದ ಆ ಎರಡನೇ ಬ್ಯಾಂಕಿನ ಹೆಸರು ಬಂತು. ಹಣ ಅಲ್ಲೇ ಬಿದ್ದಿತ್ತು. ಒಂದು ನಿಮಿಷದ ಕೆಲಸವನ್ನು ಮೂರು ಪ್ರಯಾಣ ಮಾಡಿದವರು ಯಾರು? ಅದೂ ಒಟಿಪಿ ಹೋಗುವ ಮೊಬೈಲು ಮನೆಯಲ್ಲಿ ಜೀವಂತವಾಗಿತ್ತು, ಅದೊಂದು ಪುಣ್ಯ. ಆ ಸಿಮ್ ಸತ್ತಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಇನ್ನೊಂದು ನಡಿಗೆ.

ಇದೇ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಅಂತ ಮನೆಬಾಗಿಲಿಗೆ ಬಂದು ದಿನಕ್ಕೆರಡಾಣೆ ಒಟ್ಟುಮಾಡಿತ್ತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ಕರಗಿತು. ಬಡವರ ಎರಡಾಣೆ ಬ್ಯಾಂಕಿಗೆ ಹೋಗಲು ದಾರಿ ಸಲೀಸಾಗಿತ್ತು. ಬ್ಯಾಂಕಿನಿಂದ ಬಡವರ ಮಕ್ಕಳಿಗೆ ಹಣ ಬರುವ ದಾರಿಯಲ್ಲಿ ಮಾತ್ರ ಇಷ್ಟೊಂದು ಗೇಟು!

ಆದರೆ ಎಲ್ಲಾ ತಡವನ್ನೂ ಖಾತೆಯ ತಲೆಗೆ ಕಟ್ಟಬೇಡಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಈ ಯೋಜನೆಯನ್ನು ತಿದ್ದಿತು. ಅದರಂತೆ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ರಾಜ್ಯ ತನ್ನ ಪಾಲು ಹಾಕಿದ ಮೇಲೆಯೇ ಕೇಂದ್ರದ್ದು ನೇರ ಖಾತೆಗೆ ಬರುತ್ತದೆ. ಹಾಗಾಗಿ ಒಂದು ಪಾಲು ಬಂದು ಇನ್ನೊಂದು ಬಾರದಿದ್ದರೆ, ನಡುವೆ ಸೀಡಿಂಗ್ ಬದಲಾಗದಿದ್ದರೆ, ಖಾತೆ ಸರಿಯಿದೆ ಎಂದೇ ಅರ್ಥ. ತಡ ಸರ್ಕಾರದ್ದು. ಅರ್ಜಿ ಇನ್ನೂ ಕಾಲೇಜಿನ ಪರಿಶೀಲನೆಯಲ್ಲೇ ಕೂತಿದ್ದರೆ ತಡ ಕಾಲೇಜಿನದು. ಮಂಜೂರಾಗಿ ಪಾವತಿ ವಾಪಸಾದರೆ ಮಾತ್ರ ಬ್ಯಾಂಕಿನ ಬಾಗಿಲು ಬಡಿಯಬೇಕು. ಎರಡು ವರ್ಷ ಮುಟ್ಟದ ಖಾತೆ ಸತ್ತಿದೆ ಅಂತ ಯಾರಾದರೂ ಅಂದರೆ ಹೇಳಿ: ವಿದ್ಯಾರ್ಥಿವೇತನಕ್ಕಾಗಿ ತೆರೆದ ಸೊನ್ನೆ ಬ್ಯಾಲೆನ್ಸ್ ಖಾತೆಗಳನ್ನು ಹಾಗೆ ನಿಷ್ಕ್ರಿಯ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2024ರ ಜನವರಿಯಲ್ಲೇ ಹೇಳಿದೆ.

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ಅಧಿಕಾರಿಗೆ ಬರೆಯುವಾಗ ಗೋಳು ಬರೆಯಬೇಡಿ, ಗುರುತು ಬರೆಯಿರಿ. ಅರ್ಜಿ ಸಂಖ್ಯೆ, ಶೈಕ್ಷಣಿಕ ವರ್ಷ, ಕೋರ್ಸು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ, ಸೀಡಿಂಗ್ ಆಗಿರುವ ಬ್ಯಾಂಕು ಮತ್ತು ಅದನ್ನು ನೋಡಿದ ತಾರೀಕು ಇರಲಿ. ಆಧಾರಿನ ಕೊನೆಯ ನಾಲ್ಕು ಅಂಕಿ ಸಾಕು. ಕೊನೆಗೆ ಒಂದೇ ಪ್ರಶ್ನೆ: ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಯಾವತ್ತಿನಿಂದ? ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಅಧಿಕಾರಿಗಳೇ, ನಾವು ಕೇಳುವುದು ಎರಡೇ. ಹಣ ಬಿಡುವ ಮುಂಚೆ ಪ್ರತಿ ಕಾಲೇಜಿನಲ್ಲೂ ಸೀಡಿಂಗ್ ನೋಡಿ, ತಪ್ಪಿದವರಿಗೆ ತಿಳಿಸಿ. ತಡವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಿ. ಬಾಯಿಮಾತಿನ “ಖಾತೆ ಸರಿಯಿಲ್ಲ” ನಮಗೆ ಇನ್ನು ಬೇಡ. ಓದಲು ಬರೆಯಲು ಕಲಿತಿದ್ದೇವೆ, ನಿಮ್ಮ ಸಹಿಯನ್ನೂ ಓದುತ್ತೇವೆ.