ಮಾತು ನಮ್ಮದು, ವಿಚಾರ ಯಾರದು?

‘ವಾಕ್ಯವೆಲ್ಲ ನಾನೇ ಬರೆದದ್ದು, ಆದರೂ ಕೃತಿಚೌರ್ಯವಾ?’ ಮೊದಲ ವರ್ಷದ ಹುಡುಗರ ಪ್ರಶ್ನೆ ಇದು. ಮೂಲ ಹೇಳದಿದ್ದರೆ ಹೌದು ಅಂತಲೇ ನನ್ನ ಅಭಿಪ್ರಾಯ.

ಒಂದು ಉದಾಹರಣೆ ನೋಡಿ. ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ತಾವೂ ಮೇಲೇರಲು ನೋಡುವುದನ್ನು ಎಂ. ಎನ್. ಶ್ರೀನಿವಾಸ್ 1952ರಲ್ಲಿ, ಕೊಡವರ ಬಗೆಗಿನ ತಮ್ಮ ಪುಸ್ತಕದಲ್ಲಿ, ‘ಸಂಸ್ಕೃತೀಕರಣ’ ಎಂದು ಕರೆದರು. ಹುಡುಗನೊಬ್ಬ ಆ ಪದ ಬಿಟ್ಟು, ‘ಮಾಂಸ, ಮದ್ಯ ತೊರೆದು ಕೆಲವು ಜಾತಿಗಳು ಅಂತಸ್ತು ಏರಿಸಿಕೊಳ್ಳಲು ನೋಡಿದವು’ ಅಂತ ಬರೆದ ಅನ್ನಿ. ಪದಗಳು ಅವನವೇ. ಆದರೆ ಓದುವವರು ಹೊಳಹೂ ಅವನದೇ ಅಂದುಕೊಳ್ಳುತ್ತಾರೆ. ‘ಶ್ರೀನಿವಾಸ್ (1952) ಹೇಳುವಂತೆ’ ಎಂದು ಸೇರಿಸಿದ್ದರೆ ಈ ತಕರಾರೇ ಇರುತ್ತಿರಲಿಲ್ಲ. ‘ಕೊಡಗು ಕರ್ನಾಟಕದಲ್ಲಿದೆ’ ಅನ್ನೋದಕ್ಕೆ ಮಾತ್ರ ಯಾರ ಹೆಸರೂ ಬೇಡ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ.

ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಹುಡುಗರು ಹಿಡಿದುಕೊಳ್ಳೋದು ಈ ಅಂಕೆಯನ್ನೇ. ಆದರೆ ಅದೇ ನಿಯಮಾವಳಿಯ ವ್ಯಾಖ್ಯೆಯಲ್ಲಿ ಬೇರೆಯವರ ಕೆಲಸದ ಜೊತೆಗೆ ವಿಚಾರವೂ ಸೇರಿದೆ. ಸಾಫ್ಟ್‌ವೇರ್ ಹೆಚ್ಚಾಗಿ ಹೋಲಿಸೋದು ಪದಗಳನ್ನು. ವಿಚಾರ ಎಲ್ಲಿಂದ ಬಂತು ಅನ್ನೋದು ಬರೆದವನಿಗೇ ಗೊತ್ತು.

ಆ ಪುಸ್ತಕ ಓದದಿದ್ದರೆ ಈ ವಾಕ್ಯ ಬರೆಯಲು ಆಗುತ್ತಿತ್ತಾ? ಇಲ್ಲ ಅನ್ನಿಸಿದರೆ ಹೆಸರು ಹಾಕಿ.